ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿದೆ, ಭಾನುವಾರದ ಫೈನಲ್ ಆಡಿಸಬಹುದೇ? (11 ವರ್ಷದ ಹುಡುಗ, ಹೆಡಿಂಗ್ ಅಭ್ಯಾಸದಲ್ಲಿ ಪೆಟ್ಟು)

ಜಯನಗರದ ಅಮ್ಮ · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 11 ವರ್ಷ. ಎರಡು ವರ್ಷಗಳಿಂದ ಬನ್ನೇರುಘಟ್ಟ ರಸ್ತೆಯ ಕಡೆಯ ಒಂದು ಟರ್ಫ್‌ನಲ್ಲಿ ಫುಟ್‌ಬಾಲ್ ಕಲಿಯುತ್ತಿದ್ದಾನೆ. ಕಳೆದ ಶನಿವಾರ ಸಂಜೆ ಕಾರ್ನರ್ ಅಭ್ಯಾಸವಿತ್ತು. ಮೊದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೂ 20 ಹೆಡರ್ ಮಾಡಿಸಿದರು. ಆಮೇಲೆ ಇಬ್ಬಿಬ್ಬರನ್ನು ಒಂದೇ ಚೆಂಡಿಗೆ ಹಾರಿಸುವ ಅಭ್ಯಾಸ ಶುರುವಾಯಿತು. ಅದರಲ್ಲಿ ಇನ್ನೊಬ್ಬ ಹುಡುಗನ ಹಣೆ ನನ್ನ ಮಗನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ, ರಕ್ತ ಬರಲಿಲ್ಲ. ಕೋಚ್ ಐಸ್ ಇಟ್ಟು, 10 ನಿಮಿಷ ಕೂರಿಸಿ, ಮತ್ತೆ ಒಳಗೆ ಕಳುಹಿಸಿದರು.

ಮನೆಗೆ ಹೊರಡುವಾಗ ಶೂ ಲೇಸ್ ಕಟ್ಟಲು ಮೂರು ಸಲ ಪ್ರಯತ್ನಿಸಿ ಕೊನೆಗೆ ಹಾಗೆಯೇ ಬಿಟ್ಟ. ಡೈರಿ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಿದ್ದಾಗ "ಅಮ್ಮ, ಇವತ್ತು ಯಾರು ಗೆದ್ದರು?" ಎಂದು ಕೇಳಿದ. ಇವತ್ತು ಪಂದ್ಯ ಇರಲಿಲ್ಲ ಕಂದಾ ಎಂದೆ. ಎರಡು ನಿಮಿಷ ಕಳೆದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ರಾತ್ರಿ ಒಮ್ಮೆ ವಾಂತಿಯಾಯಿತು. ಗಾಬರಿಯಾಗಿ ಆಸ್ಪತ್ರೆಗೆ ಕರೆದೊಯ್ದೆವು. ಸಿಟಿ ಸ್ಕ್ಯಾನ್ ಮಾಡಿ, ಎಲ್ಲವೂ ನಾರ್ಮಲ್ ಎಂದು ಕಳುಹಿಸಿದರು. ಈಗಲೂ ತಲೆನೋವಿದೆ, ಟ್ಯೂಬ್‌ಲೈಟ್ ಬೆಳಕು ಆಗುವುದಿಲ್ಲ ಎನ್ನುತ್ತಾನೆ.

ನನ್ನ ಪ್ರಶ್ನೆ ಎರಡು. ಸ್ಕ್ಯಾನ್ ಸರಿಯಿರುವಾಗ ಭಾನುವಾರದ ಫೈನಲ್ ಆಡಿಸಬಹುದೇ? ಈ ವಯಸ್ಸಿನಲ್ಲಿ ಎಷ್ಟು ಹೆಡರ್ ಮಾಡಿಸಬಹುದು? 20 ಹೆಡರ್ ಮಾಡಿಸಿದ್ದರಿಂದಲೇ ಹೀಗಾಯಿತು ಎಂದು ನನ್ನ ಯಜಮಾನರು ಕೋಚ್ ಮೇಲೆ ಸಿಟ್ಟಾಗಿದ್ದಾರೆ.

ಕೋಚ್, ಹೆಬ್ಬಾಳ · ಸೋಮವಾರ, ರಾತ್ರಿ 9:32

ಮೇಡಂ, ಹುಡುಗ ಬೇಗ ಚೇತರಿಸಿಕೊಳ್ಳಲಿ. ನಾನೂ 14 ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ, ಅದಕ್ಕೇ ನೇರವಾಗಿ ಹೇಳುತ್ತೇನೆ. ಪ್ರಜ್ಞೆ ತಪ್ಪದಿದ್ದರೆ ಅದನ್ನು ಕನ್ಕಷನ್ ಎನ್ನುವುದಿಲ್ಲ, ಸಾಮಾನ್ಯ ಪೆಟ್ಟು ಅಷ್ಟೆ. ಸ್ಕ್ಯಾನ್ ಕೂಡ ನಾರ್ಮಲ್ ಬಂದಿದೆ. ಎರಡು ದಿನ ವಿಶ್ರಾಂತಿ ಕೊಟ್ಟರೆ ಭಾನುವಾರಕ್ಕೆ ಸಿದ್ಧನಾಗುತ್ತಾನೆ. ಹೆಡಿಂಗ್ ವಿಷಯದಲ್ಲಿ ಲೆಕ್ಕಕ್ಕಿಂತ ಕ್ರಮ ಮುಖ್ಯ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಕುತ್ತಿಗೆ ಬಿಗಿಯಾಗಿರಬೇಕು, ಚೆಂಡು ಹಣೆಗೇ ತಾಗಬೇಕು. ಹೀಗೆ ಕಲಿತ ಹುಡುಗನಿಗೆ 20 ಆದರೇನು, 50 ಆದರೇನು?

ಕ್ರಿಕೆಟ್ ಅಪ್ಪ · ಸೋಮವಾರ, ರಾತ್ರಿ 9:41

ನನ್ನ ಮಗ ಲೆದರ್ ಬಾಲ್‌ನಲ್ಲಿ ಆಡುತ್ತಾನೆ, ಅವನಿಗೆ ಒಳ್ಳೆಯ ಹೆಲ್ಮೆಟ್ ಕೊಡಿಸಿದ್ದೇವೆ. ಫುಟ್‌ಬಾಲಿಗೂ ಮೆತ್ತನೆಯ ತಲೆಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದಲ್ಲವೇ? ಅದನ್ನು ಕಟ್ಟಿಕೊಂಡು ಫೈನಲ್ ಆಡಲಿ. ಯಾವ ಕಂಪನಿಯದು ಒಳ್ಳೆಯದು ಎಂದು ಯಾರಾದರೂ ತಿಳಿಸಿ.

ಮಲ್ಲೇಶ್ವರದ ಫಿಸಿಯೋ · ಸೋಮವಾರ, ರಾತ್ರಿ 10:25

ಕೋಚ್ ಅವರೇ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮೊದಲ ವಾಕ್ಯವೇ ಮೈದಾನಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವ ನಂಬಿಕೆ. ಕನ್ಕಷನ್ ಆದವರಲ್ಲಿ ಪ್ರಜ್ಞೆ ತಪ್ಪುವವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಪ್ರಜ್ಞೆ ತಪ್ಪುವುದನ್ನೇ ಗುರುತಾಗಿ ಇಟ್ಟುಕೊಂಡರೆ ಉಳಿದ ಒಂಬತ್ತು ಮಕ್ಕಳನ್ನು ನಾವು ಮತ್ತೆ ಆಟಕ್ಕೆ ದೂಡಿರುತ್ತೇವೆ. ಈ ಹುಡುಗ ಕೇಳಿದ್ದನ್ನೇ ಮತ್ತೆ ಕೇಳಿದ್ದಾನೆ, ಕೈ ಲೇಸಿನ ಮೇಲೆ ನಿಂತಿಲ್ಲ, ವಾಂತಿಯಾಗಿದೆ, ಎರಡು ದಿನ ಕಳೆದರೂ ಬೆಳಕು ಸಹಿಸಲಾಗುತ್ತಿಲ್ಲ. ಆ ತಾಯಿ ಬರೆದದ್ದರಲ್ಲೇ ಕನ್ಕಷನ್‌ನ ಚಿತ್ರ ಪೂರ್ತಿಯಾಗಿದೆ. ಅವನನ್ನು ನೋಡಿ ನಿರ್ಣಯಿಸಬೇಕಾದವರು ವೈದ್ಯರು, ನಾನಲ್ಲ. ಆದರೆ ಹಾಗಲ್ಲವೆಂದು ವೈದ್ಯರು ಹೇಳುವ ತನಕ ಹೌದೆಂದೇ ನಡೆದುಕೊಳ್ಳಬೇಕು.

ಇನ್ನು ಸ್ಕ್ಯಾನ್. ತಲೆಬುರುಡೆ ಬಿರುಕು ಬಿಟ್ಟಿದೆಯೇ, ಒಳಗೆ ರಕ್ತ ಸೋರಿದೆಯೇ ಎಂದು ನೋಡುವುದಕ್ಕೆ ಸಿಟಿ ಮಾಡಿಸುತ್ತಾರೆ. ಕನ್ಕಷನ್ ಎಂದರೆ ಮಿದುಳು ಅಲುಗಿ, ಅದರ ಜೀವಕೋಶಗಳ ಕೆಲಸ ಕೆಲಕಾಲ ಏರುಪೇರಾಗುವುದು. ಅದು ಸಿಟಿಯಲ್ಲಿ ಕಾಣಿಸುವುದೇ ಇಲ್ಲ. ಕರೆಂಟ್ ಏರಿಳಿತದಿಂದ ಟಿವಿ ಕೈಕೊಟ್ಟಾಗ ಅದರ ಫೋಟೋ ತೆಗೆದು ನೋಡಿದರೆ ಏನು ತಿಳಿಯುತ್ತದೆ? ಆಸ್ಪತ್ರೆಯವರು ಹೇಳಿದ "ನಾರ್ಮಲ್" ಎಂಬುದಕ್ಕೆ ರಕ್ತಸ್ರಾವ ಇಲ್ಲ ಎಂದಷ್ಟೇ ಅರ್ಥ. ಆಟಕ್ಕೆ ಒಪ್ಪಿಗೆ ಎಂದಲ್ಲ.

ಭಾನುವಾರ ಆಡಿಸಬೇಡಿ, ಮೇಡಂ. ತಲೆಪಟ್ಟಿಯಿಂದ ಚರ್ಮ ಹರಿಯುವುದು ತಪ್ಪಬಹುದು, ಬುರುಡೆಯ ಒಳಗೆ ಮಿದುಳು ಅಲುಗುವುದು ತಪ್ಪುವುದಿಲ್ಲ. ಅದನ್ನು ಕಟ್ಟಿಕೊಂಡ ಧೈರ್ಯದಲ್ಲಿ ಮಕ್ಕಳು ಇನ್ನೂ ಬಿರುಸಾಗಿ ನುಗ್ಗುವುದನ್ನು ನಾನು ಕಂಡಿದ್ದೇನೆ.

ಕ್ರಿಕೆಟ್ ಅಪ್ಪ · ಸೋಮವಾರ, ರಾತ್ರಿ 10:31

ಸರಿ, ತಲೆಪಟ್ಟಿ ಬೇಡ. ಆದರೆ 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜಾ ಹೆಲ್ಮೆಟ್ಟಿಗೆ ಚೆಂಡು ಬಡಿದಾಗ ಬದಲಿಗೆ ಚಹಲ್ ಬಂದು ಮೂರು ವಿಕೆಟ್ ತೆಗೆದರಲ್ಲ, ಅಂಥ ಬದಲಿ ಆಟಗಾರನ ನಿಯಮ ಮಕ್ಕಳ ಫುಟ್‌ಬಾಲಿಗೆ ಇಲ್ಲವೇ?

ಮಲ್ಲೇಶ್ವರದ ಫಿಸಿಯೋ · ಸೋಮವಾರ, ರಾತ್ರಿ 10:38

ಫುಟ್‌ಬಾಲಿನ ನಿಯಮಾವಳಿಯಲ್ಲೂ 2024ರಿಂದ ಅದಕ್ಕೆ ಅವಕಾಶವಿದೆ. ಟೂರ್ನಿ ನಡೆಸುವವರು ಬಯಸಿದರೆ ಅಳವಡಿಸಿಕೊಳ್ಳಬಹುದು. ಹೀಗೆ ಹೊರಹೋದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಆದರೆ ನಮ್ಮ ಟರ್ಫ್ ಪಂದ್ಯಗಳಲ್ಲಿ ಬದಲಿ ಆಟಗಾರರಿಗೆ ಮಿತಿಯೇ ಇರುವುದಿಲ್ಲವಲ್ಲ, ಹಾಗಾಗಿ ಅಡ್ಡಿಯಾಗುತ್ತಿರುವುದು ನಿಯಮವಲ್ಲ, "ಇನ್ನೈದು ನಿಮಿಷ ಆಡಲಿ ಬಿಡಿ" ಎನ್ನುವ ಮನಸ್ಸು.

ಹಳೇ ಸ್ಟಾಪರ್ ಬ್ಯಾಕ್ · ಮಂಗಳವಾರ, ಬೆಳಿಗ್ಗೆ 6:50

ನಾನು ಆಸ್ಟಿನ್ ಟೌನ್ ಮೈದಾನದಲ್ಲಿ ಆಡಿ ಬೆಳೆದವನು. ಆಗಿನ ತೊಗಲಿನ ಚೆಂಡು ಮಳೆಯಲ್ಲಿ ನೆನೆದರೆ ಹಲಸಿನ ಹಣ್ಣಿನಷ್ಟು ಭಾರವಾಗುತ್ತಿತ್ತು. ಹೊಲಿಗೆಯ ಗುರುತು ಹಣೆಯ ಮೇಲೆ ಮೂಡುತ್ತಿತ್ತು. ಗೋಲ್‌ಕೀಪರ್ ಒದ್ದ ಚೆಂಡನ್ನು ದಿನಕ್ಕೆ 100 ಸಲ ತಲೆಯಿಂದಲೇ ಹಿಂದಿರುಗಿಸುತ್ತಿದ್ದೆವು. 68 ವರ್ಷಕ್ಕೆ ನಾನಿನ್ನೂ ಕ್ರಾಸ್‌ವರ್ಡ್ ಬಿಡಿಸುತ್ತೇನೆ. ಈಗಿನ ತಂದೆತಾಯಿಯರು ಮಕ್ಕಳನ್ನು ಹತ್ತಿಯಲ್ಲಿ ಸುತ್ತಿ ಇಡುತ್ತಾರೆ.

ಗಣಿತದ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 7:15

ಯಜಮಾನರೇ, ಏನೂ ಆಗದವರು ಮಾತ್ರ ಬಂದು "ನಮಗೇನೂ ಆಗಲಿಲ್ಲ" ಎಂದು ಹೇಳಲು ಸಾಧ್ಯ. ಆದವರು ಇಲ್ಲಿ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2019ರಲ್ಲಿ ಸ್ಕಾಟ್ಲೆಂಡಿನ ಸುಮಾರು 7,700 ಮಾಜಿ ವೃತ್ತಿಪರ ಆಟಗಾರರ ಮರಣ ದಾಖಲೆಗಳನ್ನು ಸಾಮಾನ್ಯ ಜನರ ದಾಖಲೆಗಳೊಂದಿಗೆ ಹೋಲಿಸಿದರು. ಮರೆವಿನ ಕಾಯಿಲೆಯಂಥ ಮಿದುಳು ಸವೆಯುವ ರೋಗಗಳಿಂದ ಆಟಗಾರರು ಸತ್ತ ಪ್ರಮಾಣ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. ಎರಡು ವರ್ಷದ ನಂತರ ಅದೇ ತಂಡದವರು ಆಟದ ಸ್ಥಾನವಾರು ಲೆಕ್ಕ ಹಾಕಿದಾಗ ಗೋಲ್‌ಕೀಪರ್‌ಗಳಿಗೂ ಸಾಮಾನ್ಯ ಜನರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ರಕ್ಷಣಾ ಆಟಗಾರರಲ್ಲಿ ಅತಿ ಹೆಚ್ಚಿತ್ತು. ತಮ್ಮ ಸ್ಥಾನವೇ ಅದು.

ಕೋಚ್, ಹೆಬ್ಬಾಳ · ಮಂಗಳವಾರ, ಬೆಳಿಗ್ಗೆ 8:02

ಮೇಷ್ಟ್ರೇ, ಅವರೆಲ್ಲ 15–20 ವರ್ಷ ವೃತ್ತಿಯಾಗಿ ಆಡಿದವರು. ವಾರಕ್ಕೆ ಎರಡು ದಿನ ಟರ್ಫಿಗೆ ಬರುವ ಮಗುವಿಗೆ ಆ ಅಂಕಿಯನ್ನು ಅಂಟಿಸುವುದು ಯಾವ ಗಣಿತ?

ಮಲ್ಲೇಶ್ವರದ ಫಿಸಿಯೋ · ಮಂಗಳವಾರ, ಮಧ್ಯಾಹ್ನ 1:20

ಇಲ್ಲಿ ಕೋಚ್ ಹೇಳುವುದರಲ್ಲಿ ನ್ಯಾಯವಿದೆ. ಆ ಅಧ್ಯಯನ ಮಕ್ಕಳ ಮೇಲೆ ನಡೆದದ್ದಲ್ಲ, ಹೆಡಿಂಗ್ ಒಂದೇ ಕಾರಣವೆಂದು ಅದು ಸಾಧಿಸಿಲ್ಲ. ಸ್ಟಾಪರ್ ಸರ್, ತಮ್ಮ ನೆನೆದ ಚೆಂಡಿನ ಮಾತೂ ನಿಜ, ಈಗಿನ ಚೆಂಡು ಹಾಗೆ ನೀರು ಕುಡಿಯುವುದಿಲ್ಲ. ಆದರೆ ಒಣಗಿದ ತೊಗಲಿನ ಚೆಂಡಿಗೂ ಈಗಿನ ದೊಡ್ಡ ಚೆಂಡಿಗೂ ತೂಕ ಹೆಚ್ಚುಕಡಿಮೆ ಒಂದೇ, 410ರಿಂದ 450 ಗ್ರಾಂ. ವೇಗವಂತೂ ಈಗ ಕಡಿಮೆಯಿಲ್ಲ.

ಈ ಚರ್ಚೆಯಲ್ಲಿ ಎರಡು ವಿಷಯಗಳು ಒಂದಕ್ಕೊಂದು ಗಂಟುಬಿದ್ದಿವೆ, ಬಿಡಿಸಿ ಹೇಳುತ್ತೇನೆ. ಮೇಡಂ ಅವರ ಯಜಮಾನರು ಭಾವಿಸಿದಂತೆ ಆ 20 ಹೆಡರ್‌ಗಳಿಂದ ಮಗುವಿಗೆ ಕನ್ಕಷನ್ ಆದಂತಿಲ್ಲ. ಆದದ್ದು ಆಮೇಲೆ ಬಡಿದ ಇನ್ನೊಂದು ತಲೆಯಿಂದ. ಹೆಡಿಂಗ್ ಸಮಯದಲ್ಲಿ ಆಗುವ ಕನ್ಕಷನ್‌ಗಳಲ್ಲಿ ಬಹುಪಾಲಿಗೆ ಚೆಂಡು ಕಾರಣವಲ್ಲ. ಅದೇ ಚೆಂಡಿಗೆ ಹಾರಿದ ಇನ್ನೊಬ್ಬನ ತಲೆ, ಮೊಣಕೈ, ಇಲ್ಲವೇ ಬಿದ್ದಾಗ ತಾಗಿದ ನೆಲ ಕಾರಣ. ನಿಧಾನವಾಗಿ ಎಸೆದ ಚೆಂಡನ್ನು ಹಣೆಯಿಂದ ತಳ್ಳುವ ಪೆಟ್ಟು ಚಿಕ್ಕದು, ಆ ಕ್ಷಣಕ್ಕೆ ಯಾವ ಲಕ್ಷಣವನ್ನೂ ತೋರಿಸದು. ಅಂಥ ಚಿಕ್ಕ ಪೆಟ್ಟುಗಳು ಸಾವಿರಗಟ್ಟಲೆ ಸೇರಿದರೆ ಮುಂದೇನು ಎಂಬ ಅನುಮಾನದಿಂದ ಹೆಡಿಂಗ್ ಮಿತಿಗಳು ಹುಟ್ಟಿವೆ. ಅಂದರೆ ಹೆಡರ್ ಲೆಕ್ಕವಿಡುವುದು ನಾಳಿನ ಚಿಂತೆಗೆ. ಇಬ್ಬರು ಮಕ್ಕಳನ್ನು ಒಂದೇ ಚೆಂಡಿಗೆ ಹಾರಿಸದಿರುವುದು ಇವತ್ತಿನ ಚಿಂತೆಗೆ. 20 ಹೆಡರ್ ಅನ್ನು 5ಕ್ಕೆ ಇಳಿಸಿ, ಜೋಡಿಯಾಗಿ ಹಾರಿಸುವ ಅಭ್ಯಾಸವನ್ನು ಹಾಗೆಯೇ ಇಟ್ಟುಕೊಂಡ ಕೋಚ್ ಮಿತಿಯನ್ನು ಪಾಲಿಸಿದಂತಾಗುತ್ತದೆ, ಕನ್ಕಷನ್ ತಪ್ಪಿಸಿದಂತಾಗುವುದಿಲ್ಲ.

ಜಯನಗರದ ಅಮ್ಮ · ಮಂಗಳವಾರ, ಮಧ್ಯಾಹ್ನ 2:05

ಇದು ನನಗೆ ಹೊಳೆದೇ ಇರಲಿಲ್ಲ, ಧನ್ಯವಾದಗಳು. ಹಾಗಿದ್ದರೆ ಮಿತಿ ಎಷ್ಟು? ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಿದ್ದಾರೆ. ಇನ್ನೊಂದು ವಿಷಯ, ನಾಳೆ ಶಾಲೆಯಲ್ಲಿ ಯೂನಿಟ್ ಟೆಸ್ಟ್ ಇದೆ. ಓದಲು ಕುಳಿತರೆ 10 ನಿಮಿಷಕ್ಕೆ ತಲೆನೋವು ಎನ್ನುತ್ತಾನೆ. ನಾಟಕವಾಡುತ್ತಿದ್ದಾನೆ ಎಂದು ಅತ್ತೆಯವರ ಅಭಿಪ್ರಾಯ.

ಗಣಿತದ ಮೇಷ್ಟ್ರು · ಮಂಗಳವಾರ, ಮಧ್ಯಾಹ್ನ 3:40

ನಾಟಕವಲ್ಲ ತಾಯಿ. ಎರಡು ವರ್ಷದ ಹಿಂದೆ ನನ್ನ ಏಳನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಗೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೀಗೇ ಆಯಿತು. ಸುಲಭವಾಗಿ ಮಾಡುತ್ತಿದ್ದ ಭಿನ್ನರಾಶಿಯ ಲೆಕ್ಕದಲ್ಲಿ ಮೊದಲ ಸಾಲು ಸರಿಯಾಗಿ ಬರೆದು, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಛೇದ ಯಾವುದು ಎಂದು ಮರೆಯುತ್ತಿದ್ದಳು. ಗಮನವಿಲ್ಲವೆಂದು ನಾನೇ ಗದರಿಸಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ವಿಷಯ ತಿಳಿದ ಮೇಲೆ ಒಂದು ವಾರ ಅರ್ಧ ದಿನ ಮಾತ್ರ ಬರಲು ಹೇಳಿದೆವು. ಕಿಟಕಿಯಿಂದ ದೂರ ಕೂರಿಸಿದೆವು, ಟೆಸ್ಟ್ ಮುಂದಕ್ಕೆ ಹಾಕಿದೆವು. ಶಾಲೆಗೆ ಒಂದು ಪತ್ರ ಬರೆಯಿರಿ. ಪತ್ರದಲ್ಲಿ "ತಲೆಗೆ ಪೆಟ್ಟು" ಎಂದಷ್ಟೇ ಬರೆದರೆ ಹಣೆಯ ಮೇಲೆ ಗಾಯ ಹುಡುಕುತ್ತಾರೆ, "ಕನ್ಕಷನ್ ಅನುಮಾನ" ಎಂದೇ ಬರೆಯಿರಿ.

ಮಲ್ಲೇಶ್ವರದ ಫಿಸಿಯೋ · ಮಂಗಳವಾರ, ರಾತ್ರಿ 9:55

ಮೇಷ್ಟ್ರ ಮಾತಿಗೆ ಒಂದು ಸೇರಿಕೆ: ಮೊದಲು ಪೂರ್ತಿ ಶಾಲೆ, ಆಮೇಲೆ ಪೂರ್ತಿ ಆಟ. ಪಾಠವನ್ನೇ ತಡೆದುಕೊಳ್ಳದ ಮಿದುಳು ಪಂದ್ಯವನ್ನು ತಡೆದುಕೊಳ್ಳದು. ಹಾಗೆಂದು ಕತ್ತಲೆ ಕೋಣೆಯಲ್ಲಿ ಮಲಗಿಸಿ ಇಡಬೇಡಿ, ಆ ಸಲಹೆ ಹಳತಾಯಿತು. ಮೊದಲ 24ರಿಂದ 48 ಗಂಟೆ ಹಗುರವಾಗಿ ಓಡಾಡಿಕೊಂಡಿರಲಿ, ಮೊಬೈಲ್ ಮತ್ತು ಟಿವಿ ಆದಷ್ಟು ಕಡಿಮೆಯಿರಲಿ. ನಂತರ ದಿನಾ ನಡಿಗೆ, ಆಮೇಲೆ ನಿಧಾನವಾದ ಸೈಕಲ್. ತಲೆನೋವಿಗೆ ಹತ್ತರಲ್ಲಿ ಇಷ್ಟು ಎಂದು ಅವನೇ ಅಂಕ ಕೊಡಲಿ. ನಡೆದಾಗ 2 ಅಂಕದಷ್ಟು ಏರಿ ಒಂದು ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ, ಅದಕ್ಕಿಂತ ಹೆಚ್ಚಾದರೆ ಅಂದಿಗೆ ಸಾಕು.

ಫೈನಲ್ ಯಾಕೆ ಬೇಡ ಎಂಬುದನ್ನು ಲೆಕ್ಕದಲ್ಲೇ ಹೇಳುತ್ತೇನೆ. ಬ್ರಿಟನ್ನಿನಲ್ಲಿ 2023ರಲ್ಲಿ ಹವ್ಯಾಸಿ ಆಟಗಾರರಿಗಾಗಿ ಒಂದು ಸಾಮಾನ್ಯ ಮಾರ್ಗಸೂಚಿ ಬಂತು. ಅದರಂತೆ ಪೆಟ್ಟಾದ ದಿನವನ್ನು ಸೊನ್ನೆ ಎಂದು ಎಣಿಸಬೇಕು, ಲಕ್ಷಣಗಳಿಲ್ಲದೆ 14 ದಿನ ಕಳೆಯುವ ತನಕ ಮೈ ತಾಗುವ ಅಭ್ಯಾಸ ಕೂಡದು, 21ನೆಯ ದಿನಕ್ಕಿಂತ ಮೊದಲು ಪಂದ್ಯ ಕೂಡದು. ನಿಮ್ಮ ಮಗನಿಗೆ ಶನಿವಾರ ಸೊನ್ನೆ. ಈ ಗುರುವಾರ, ಅಂದರೆ 5ನೆಯ ದಿನ, ತಲೆನೋವು ಪೂರ್ತಿ ಹೋಯಿತು ಎಂದಿಟ್ಟುಕೊಳ್ಳೋಣ. ಅಲ್ಲಿಂದ 14 ದಿನ ಸೇರಿಸಿದರೆ 19ನೆಯ ದಿನವಾಯಿತು, ಅದೂ ಗುರುವಾರವೇ. ಅಂದು ತಂಡದ ಜೊತೆ ಪೂರ್ತಿ ಅಭ್ಯಾಸ, ಅದರಲ್ಲಿ ತೊಂದರೆ ಕಾಣದಿದ್ದರೆ 21ನೆಯ ದಿನವಾದ ಶನಿವಾರ ಪಂದ್ಯ. ನಡುವಿನ ಎರಡು ವಾರ ಒಬ್ಬನೇ ಓಡಬಹುದು, ಡ್ರಿಬಲ್ ಮಾಡಬಹುದು, ಪಾಸ್ ಮಾಡಬಹುದು, ಹೆಡರ್ ಮಾತ್ರ ಬೇಡ. ನೀವು ಕೇಳುತ್ತಿರುವ ಭಾನುವಾರ ಬರುವುದು 8ನೆಯ ದಿನಕ್ಕೆ.

ಕೋಚ್, ಹೆಬ್ಬಾಳ · ಮಂಗಳವಾರ, ರಾತ್ರಿ 10:10

21 ದಿನ ಅತಿಯಾಯಿತು. ವೃತ್ತಿಪರ ಆಟಗಾರರು ಅದಕ್ಕಿಂತ ಬೇಗ ಮರಳುವುದನ್ನು ಟಿವಿಯಲ್ಲಿ ಎಲ್ಲರೂ ನೋಡುತ್ತೇವೆ.

ಮಲ್ಲೇಶ್ವರದ ಫಿಸಿಯೋ · ಮಂಗಳವಾರ, ರಾತ್ರಿ 10:29

ಅವರ ಹಿಂದೆ ತಂಡದ ವೈದ್ಯರಿರುತ್ತಾರೆ, ಪ್ರತಿ ಹಂತದಲ್ಲೂ ಪರೀಕ್ಷಿಸುತ್ತಾರೆ. ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆಯಲ್ಲೂ 21 ಎಂಬ ಅಂಕಿ ಇಲ್ಲ, ಹಂತಹಂತವಾಗಿ ಮರಳಬೇಕು, ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ ಬೇಕು ಎಂದಿದೆ. ಮೈದಾನದಲ್ಲಿ ವೈದ್ಯರಿಲ್ಲದ ಕಡೆ ದಿನಗಳೇ ಕಾವಲು ಕಾಯಬೇಕು. ನಿಮ್ಮ ಟರ್ಫ್‌ನಲ್ಲಿ ವೈದ್ಯರಿದ್ದಾರೆಯೇ? ಮಕ್ಕಳು ಪೂರ್ತಿ ಸುಧಾರಿಸಲು ನಾಲ್ಕು ವಾರ ಹಿಡಿಯುವುದೂ ಸಾಮಾನ್ಯವೇ.

ಇನ್ನೊಂದು ಮಾತು. ಉತ್ತರ ಐರ್ಲೆಂಡಿನಲ್ಲಿ 2011ರಲ್ಲಿ ಬೆನ್ ರಾಬಿನ್ಸನ್ ಎಂಬ 14 ವರ್ಷದ ಹುಡುಗ ಶಾಲಾ ರಗ್ಬಿ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದೂ ಆಟ ಮುಂದುವರಿಸಿ, ಮತ್ತೆ ಪೆಟ್ಟಾಗಿ ತೀರಿಕೊಂಡ. ಮೊದಲ ಪೆಟ್ಟು ಮಾಯುವ ಮೊದಲೇ ಎರಡನೆಯದು ಬಿದ್ದದ್ದು ಕಾರಣವೆಂದು ವಿಚಾರಣೆಯಲ್ಲಿ ದಾಖಲಾಯಿತು. ಇದು ಬಹಳ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಪೆಟ್ಟಾದ 10 ನಿಮಿಷಕ್ಕೆ ಮತ್ತೆ ಒಳಗೆ ಕಳುಹಿಸಿದ್ದನ್ನು ಮಾತ್ರ ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಹೊಸ ಸಹಾಯಕ ಕೋಚ್ · ಬುಧವಾರ, ಬೆಳಿಗ್ಗೆ 11:15

ಮೈದಾನದಲ್ಲಿ ನನಗೆ ಎಂಟೊಂಬತ್ತು ವರ್ಷದ ಮಕ್ಕಳಿದ್ದಾರೆ. ಪೆಟ್ಟಾದಾಗ "ಚೆನ್ನಾಗಿದ್ದೀಯಾ?" ಎಂದರೆ ಎಲ್ಲರೂ ಹೌದೆನ್ನುತ್ತಾರೆ. ಏನು ಕೇಳಬೇಕು?

ಮಲ್ಲೇಶ್ವರದ ಫಿಸಿಯೋ · ಬುಧವಾರ, ಮಧ್ಯಾಹ್ನ 1:30

ಆ ಪ್ರಶ್ನೆ ಕೇಳಲೇಬೇಡಿ, ಆಡಬೇಕೆಂಬ ಮಗು ಸುಳ್ಳು ಹೇಳುತ್ತದೆ. ಈಗ ಎಲ್ಲಿದ್ದೇವೆ, ಊಟ ಆಯಿತೇ ಇನ್ನೂ ಇಲ್ಲವೇ, ನಿಮ್ಮ ಕ್ಲಾಸ್ ಟೀಚರ್ ಹೆಸರೇನು ಎಂದು ಕೇಳಿ, ಉತ್ತರ ತಡವಾಗುತ್ತದೆಯೇ ಎಂದೂ ಗಮನಿಸಿ. ಉತ್ತರ ತಪ್ಪಿದರೆ ಅನುಮಾನ ಬಲವಾಯಿತು. ಎಲ್ಲ ಸರಿಯಾಗಿ ಹೇಳಿದ ಮಾತ್ರಕ್ಕೆ ಅನುಮಾನ ಹೋಗಲಿಲ್ಲ. ಕೆಲವು ಮಕ್ಕಳಿಗೆ ಲಕ್ಷಣಗಳು ಗಂಟೆಗಳ ನಂತರ, ಮರುದಿನವೂ ಕಾಣಿಸಿಕೊಳ್ಳುತ್ತವೆ. ಅನುಮಾನ ಬಂದ ಮೇಲೆ ಆ ದಿನದ ಆಟ ಮುಗಿಯಿತು, ಮಗುವನ್ನು ಒಂಟಿಯಾಗಿ ಬಿಡಬೇಡಿ.

ತಲೆನೋವು ಏರುತ್ತಲೇ ಇದ್ದರೆ, ವಾಂತಿ ಮರುಕಳಿಸಿದರೆ, ಎಬ್ಬಿಸಲಾಗದಷ್ಟು ಮಂಪರು, ಫಿಟ್ಸ್, ಕುತ್ತಿಗೆ ನೋವು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹಗಲು ರಾತ್ರಿ ತುರ್ತು ವಿಭಾಗವಿದೆ. ಕುತ್ತಿಗೆ ನೋವೆಂದರೆ ಮಗುವನ್ನು ಎತ್ತಿ ಕೂರಿಸಲು ಹೋಗಬೇಡಿ.

ಗಣಿತದ ಮೇಷ್ಟ್ರು · ಬುಧವಾರ, ಸಂಜೆ 5:20

ತಾಯಿಯವರ ಮಿತಿಯ ಪ್ರಶ್ನೆ ಹಾಗೆಯೇ ಉಳಿದಿದೆ. ನಾನು ಓದಿಕೊಂಡಂತೆ ಅಮೆರಿಕದ ಫುಟ್‌ಬಾಲ್ ಸಂಸ್ಥೆಯವರು 2015ರಲ್ಲಿ 10 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಹೆಡಿಂಗ್ ಪೂರ್ತಿ ನಿಲ್ಲಿಸಿದರು. 11ರಿಂದ 13 ವರ್ಷದವರಿಗೆ ಅಭ್ಯಾಸದಲ್ಲಿ ವಾರಕ್ಕೆ ಹೆಚ್ಚೆಂದರೆ 30 ನಿಮಿಷ, ಒಬ್ಬರಿಗೆ 15ರಿಂದ 20 ಹೆಡರ್ ಎಂದರು. ಇಂಗ್ಲೆಂಡಿನವರು 2020ರಲ್ಲಿ ಇನ್ನೂ ಬಿಗಿ ಮಾಡಿದರು. 11ರ ಒಳಗಿನ ತಂಡಗಳಿಗೆ ಅಭ್ಯಾಸದಲ್ಲಿ ಹೆಡಿಂಗ್ ಇಲ್ಲ. 12ರ ಒಳಗಿನವರಿಗೆ ತಿಂಗಳಿಗೆ ಒಂದೇ ದಿನ, ಅಂದೂ 5 ಮಾತ್ರ. 13ರ ಒಳಗಿನವರಿಗೆ ವಾರಕ್ಕೊಂದು ದಿನ 5, ಅಲ್ಲಿಂದ 16ರ ತನಕ ವಾರಕ್ಕೊಂದು ದಿನ 10. ಒಂದು ದೇಶದಲ್ಲಿ ವಾರಕ್ಕೆ 20, ಇನ್ನೊಂದರಲ್ಲಿ ತಿಂಗಳಿಗೆ 5. ವಿಜ್ಞಾನ ಒಂದೇ ಆದರೆ ಉತ್ತರ ಎರಡು ಹೇಗೆ?

ಮಲ್ಲೇಶ್ವರದ ಫಿಸಿಯೋ · ಬುಧವಾರ, ರಾತ್ರಿ 10:05

ಇಷ್ಟರ ತನಕ ಸುರಕ್ಷಿತ, ಇಲ್ಲಿಂದ ಅಪಾಯ ಎಂಬ ಗೆರೆಯನ್ನು ಯಾವ ಅಧ್ಯಯನವೂ ಎಳೆದಿಲ್ಲ, ಅದಕ್ಕೇ. ಎರಡೂ ಮುನ್ನೆಚ್ಚರಿಕೆಯ ಅಂಕಿಗಳು. ನನ್ನ ಸ್ವಂತ ಒಲವು ಇಂಗ್ಲೆಂಡಿನ ಕಡೆಗೆ, ಏಕೆಂದರೆ ಈ ವಯಸ್ಸಿನಲ್ಲಿ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಕುತ್ತಿಗೆ ಸಣ್ಣದು. "ಕುತ್ತಿಗೆ ಬಿಗಿ ಹಿಡಿ" ಎಂದು ಕೋಚ್ ಹೇಳುವುದು ಸರಿಯೇ, ಆದರೆ ಬಿಗಿ ಹಿಡಿಯಲು ಅಲ್ಲಿ ಸ್ನಾಯು ಬೇಕಲ್ಲ! ಬಲೂನಿನಿಂದ ಶುರು ಮಾಡಿ, ನಂತರ ಸ್ಪಂಜಿನ ಚೆಂಡು, ಆಮೇಲೆ ತಾನೇ ಮೇಲಕ್ಕೆಸೆದ 4ನೇ ನಂಬರ್ ಚೆಂಡು. 11 ವರ್ಷದವರಿಗೆ 5ನೇ ನಂಬರ್ ಚೆಂಡನ್ನು ಕಲ್ಲಿನಂತೆ ಗಾಳಿ ತುಂಬಿ ಕೊಡುವುದನ್ನು ಎಷ್ಟೋ ಟರ್ಫ್‌ಗಳಲ್ಲಿ ನೋಡುತ್ತಿದ್ದೇನೆ.

ಕೋಚ್, ಹೆಬ್ಬಾಳ · ಬುಧವಾರ, ರಾತ್ರಿ 10:40

ಬಲೂನಿನಲ್ಲಿ ಕಲಿತ ಹುಡುಗ 14ಕ್ಕೆ ನಿಜವಾದ ಕಾರ್ನರ್ ಬಂದಾಗ ಕಣ್ಣು ಮುಚ್ಚಿ ಹಾರುತ್ತಾನೆ. ಆಗ ಆಗುವ ಪೆಟ್ಟಿಗೆ ಯಾರು ಹೊಣೆ? ಪೆಟ್ಟಾದ ದಿನ ಹೊರಗೆ ಕೂರಿಸುವುದನ್ನು ಒಪ್ಪಿಕೊಂಡೆ, ಪ್ರಜ್ಞೆಯ ವಿಷಯದಲ್ಲಿ ನಾನು ತಿಳಿದದ್ದು ತಪ್ಪು ಎಂದೂ ಒಪ್ಪಿಕೊಂಡೆ. ತಿಂಗಳಿಗೆ 5 ಎಂಬುದನ್ನು ಮಾತ್ರ ಒಪ್ಪಲಾರೆ.

ಹಳೇ ಸ್ಟಾಪರ್ ಬ್ಯಾಕ್ · ಗುರುವಾರ, ಬೆಳಿಗ್ಗೆ 6:35

ಮೇಷ್ಟ್ರ ಮಾತು ಎರಡು ದಿನದಿಂದ ಕೊರೆಯುತ್ತಿದೆ. ನನ್ನ ಪಕ್ಕದಲ್ಲಿ 9 ವರ್ಷ ಆಡಿದ ಗೆಳೆಯ ಈಗ ನನ್ನ ಹೆಸರು ಹೇಳುವುದಿಲ್ಲ. ವಯಸ್ಸಿನ ಮರೆವು ಎಂದುಕೊಂಡಿದ್ದೆವು, ಅದೇ ಇರಬಹುದು.

ಜಯನಗರದ ಅಮ್ಮ · ಮುಂದಿನ ಸೋಮವಾರ, ರಾತ್ರಿ 8:45

ಕೇಳಿದವರಿಗೆಲ್ಲ ವರದಿ. ಗುರುವಾರ ತಲೆನೋವು ಇನ್ನೂ ಸ್ವಲ್ಪ ಇತ್ತು, ಶುಕ್ರವಾರದಿಂದ ಇಲ್ಲ. ಹಾಗಾಗಿ ಎಲ್ಲ ಲೆಕ್ಕವೂ ಒಂದು ದಿನ ಮುಂದಕ್ಕೆ ಹೋಯಿತು. ವೈದ್ಯರಿಗೆ ಮತ್ತೆ ತೋರಿಸಿದೆವು, ಟೆಸ್ಟ್ ಮುಂದಕ್ಕೆ ಹೋಗಿದೆ. ಫೈನಲ್ ಆಡಿಸಲಿಲ್ಲ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ ಸಿಟ್ಟಾಗಿದ್ದಾರೆ, ತಂಡ 1–2ರಲ್ಲಿ ಸೋತಿತು.

ಬೆಂಚಿನ ಮೇಲೆ ಅಳುಮೋರೆ ಹಾಕಿ ಕುಳಿತಿದ್ದವನ ಕೈಗೆ ಒಂದು ಪುಸ್ತಕ ಕೊಟ್ಟು, ಪಂದ್ಯದಲ್ಲಿ ಎಷ್ಟು ಹೆಡರ್ ಬೀಳುತ್ತವೆ ಎಣಿಸು ಎಂದೆ. 40 ನಿಮಿಷದಲ್ಲಿ ಎರಡೂ ತಂಡಗಳಿಂದ ಒಟ್ಟು 11. ಪೆಟ್ಟಾದ ಆ ಶನಿವಾರ ಸಂಜೆ ಅಭ್ಯಾಸದಲ್ಲಿ ಅವನೊಬ್ಬನೇ 20 ಮಾಡಿದ್ದ. ನಮ್ಮ ಕೋಚ್ ಆ ಪುಟವನ್ನು ತುಂಬ ಹೊತ್ತು ನೋಡಿದರು, ಏನೂ ಹೇಳಲಿಲ್ಲ.

ಮಲ್ಲೇಶ್ವರದ ಫಿಸಿಯೋ · ಸೋಮವಾರ, ರಾತ್ರಿ 9:02

ಚೆನ್ನಾಗಿ ಎಣಿಸಿದ್ದಾನೆ. ಆ 11ರಲ್ಲಿ ಇಬ್ಬರು ಒಟ್ಟಿಗೆ ಹಾರಿದ್ದು ಎಷ್ಟು ಸಲ ಎಂದು ಬರೆದುಕೊಂಡಿದ್ದಾನೆಯೇ?

ಜಯನಗರದ ಅಮ್ಮ · ಸೋಮವಾರ, ರಾತ್ರಿ 9:06

ಕೇಳಿದೆ. 4 ಸಲವಂತೆ, ಒಂದರಲ್ಲಿ ಎದುರು ತಂಡದ ಹುಡುಗ ಬಿದ್ದ. ಎದ್ದು ಆಡಿದ.